ಇಟ್ಟಿಗೆಗೆ ದೊಡ್ಡ ಆರ್ಡರ್ ಕೊಡುವ ಮುನ್ನ: ನೀರು ಹೀರಿಕೆ ಮತ್ತು ಒತ್ತುಬಲದ ಪರೀಕ್ಷೆ

"ಎರಡು ಇಟ್ಟಿಗೆ ಒಂದಕ್ಕೊಂದು ತಟ್ಟಿದೆವು, ಠಣ್ ಅಂತು. ಇನ್ನೂ ಲ್ಯಾಬ್ ಟೆಸ್ಟ್ ಬೇಕೇ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: "ರಿಪೋರ್ಟ್‌ನಲ್ಲಿ ಸರಾಸರಿ ಪಾಸ್ ಅಂತ ಇದೆ. ಆರ್ಡರ್ ಕೊಡಬಹುದಲ್ಲ?"

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಸದ್ದು ನೋಡುವುದು, ಉಗುರಿನಿಂದ ಗೀರುವುದು, ಒಂದು ಮೀಟರ್ ಎತ್ತರದಿಂದ ಬೀಳಿಸುವುದು, ಇವೆಲ್ಲ ತೀರಾ ಕೆಟ್ಟದ್ದನ್ನು ಬೇರ್ಪಡಿಸಲು ಸಾಕು. ಉಳಿದದ್ದು ಎಷ್ಟು ಒಳ್ಳೆಯದು ಎಂದು ಅವು ಹೇಳುವುದಿಲ್ಲ. ಎರಡನೆಯ ಪ್ರಶ್ನೆಗಾಗಿ ಈ ಲೇಖನ. ಸರಾಸರಿ ಪಾಸ್ ಆಗಿಯೂ ಲಾಟ್ ಫೇಲ್ ಆಗಬಹುದು. ಅದು ಹೇಗೆ ಎಂಬುದನ್ನು ಕೊನೆಗೆ ಅಂಕಿಗಳನ್ನೇ ಇಟ್ಟು ನೋಡೋಣ.

ಇಲ್ಲಿ ಹೇಳುತ್ತಿರುವುದು ಗೂಡಿನಲ್ಲಿ ಸುಟ್ಟ ಸಾಮಾನ್ಯ ಮಣ್ಣಿನ ಇಟ್ಟಿಗೆಯ ವಿಷಯ ಮಾತ್ರ. ಹಾರುಬೂದಿ ಇಟ್ಟಿಗೆಗೂ ಸಿಮೆಂಟ್ ಬ್ಲಾಕ್‌ಗೂ ಬೇರೆ ಮಾನಕಗಳಿವೆ, ಈ ಮಿತಿಗಳನ್ನು ಅವಕ್ಕೆ ಹಚ್ಚಬೇಡಿ.

ಮೊದಲು ಎರಡು ಪದ

ನೀರು ಹೀರಿಕೆ ಎಂದರೆ ಪೂರ್ತಿ ಒಣಗಿದ ಇಟ್ಟಿಗೆಯನ್ನು 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟರೆ ಅದು ತನ್ನ ಒಣ ತೂಕದ ಶೇಕಡಾ ಎಷ್ಟು ನೀರು ಕುಡಿಯುತ್ತದೆ ಎಂಬ ಲೆಕ್ಕ. ಸರಿಯಾಗಿ ಬೇಯದ ಇಟ್ಟಿಗೆಯಲ್ಲಿ ಮಣ್ಣಿನ ಕಣಗಳು ಬೆಸೆದುಕೊಂಡಿರುವುದಿಲ್ಲ, ನಡುವೆ ರಂಧ್ರಗಳು ಹೆಚ್ಚು ಉಳಿದಿರುತ್ತವೆ. ಆದ್ದರಿಂದ ಹೀರಿಕೆ ಎಂಬುದು ಒಂದು ರೀತಿಯಲ್ಲಿ ಇಟ್ಟಿಗೆ ಎಷ್ಟು ಬೆಂದಿದೆ ಎಂಬುದರ ಅಳತೆಯೂ ಹೌದು. ಹೆಚ್ಚು ಕುಡಿಯುವ ಇಟ್ಟಿಗೆ ಗಾರೆಯಲ್ಲಿನ ನೀರನ್ನು ಸಿಮೆಂಟ್ ಗಟ್ಟಿಯಾಗುವ ಮೊದಲೇ ಎಳೆದುಕೊಳ್ಳುತ್ತದೆ, ಸಂದು ಪೊಳ್ಳಾಗುತ್ತದೆ. ಹಾಗಂತ ಹೀರಿಕೆ ತೀರಾ ಕಡಿಮೆ ಇದ್ದರೆ ಒಳ್ಳೆಯದು ಎಂದೂ ಅಲ್ಲ. ಅತಿಯಾಗಿ ಬೆಂದು ಗಾಜಿನಂತಾದ ಇಟ್ಟಿಗೆಗೆ ಗಾರೆ ಹಿಡಿಯುವುದೇ ಇಲ್ಲ.

ಒತ್ತುಬಲ ಎಂದರೆ, ಎಂಜಿನಿಯರುಗಳು ಕಂಪ್ರೆಸಿವ್ ಸ್ಟ್ರೆಂತ್ ಎನ್ನುವುದು, ಇಟ್ಟಿಗೆಯನ್ನು ಗೋಡೆಯಲ್ಲಿ ಮಲಗಿಸುವ ಹಾಗೆಯೇ ಇಟ್ಟು ಮೇಲಿನಿಂದ ಒತ್ತಿದಾಗ ಅದು ಒಡೆಯುವ ಮೊದಲು ತಾಳುವ ಭಾರವನ್ನು ಮಲಗು ಮುಖದ ವಿಸ್ತೀರ್ಣದಿಂದ ಭಾಗಿಸಿದ ಸಂಖ್ಯೆ. ಐಎಸ್ 1077 ಎಂಬ ಮಾನಕ ಇಟ್ಟಿಗೆಗಳನ್ನು ಈ ಸಂಖ್ಯೆಯಿಂದಲೇ ದರ್ಜೆಗಳಾಗಿ ವಿಂಗಡಿಸುತ್ತದೆ: 3.5, 5, 7.5, 10, 12.5 ಹೀಗೆ ಮೇಲಕ್ಕೆ. 7.5 ದರ್ಜೆ ಎಂದರೆ ಸರಾಸರಿ ಬಲ ಚದರ ಮಿಲಿಮೀಟರಿಗೆ ಕನಿಷ್ಠ 7.5 ನ್ಯೂಟನ್. ಹಳೆಯ ರಿಪೋರ್ಟ್‌ಗಳಲ್ಲಿ ಇದೇ ಇಟ್ಟಿಗೆ ಚದರ ಸೆಂಟಿಮೀಟರಿಗೆ 75 ಕಿಲೋ ಎಂದು ಕಾಣಿಸಬಹುದು. ಒಂದು ಘಟಕ ಇನ್ನೊಂದರ ಸುಮಾರು ಹತ್ತು ಪಟ್ಟು, ಗೊಂದಲ ಬೇಡ.

ಈ ಮಾನಕದ ಪ್ರಕಾರ 12.5 ದರ್ಜೆಯವರೆಗೆ ನೀರು ಹೀರಿಕೆ ಶೇ. 20 ಮೀರಬಾರದು, ಅದಕ್ಕಿಂತ ಮೇಲಿನ ದರ್ಜೆಗಳಲ್ಲಿ ಶೇ. 15 ಮೀರಬಾರದು. ಪರೀಕ್ಷೆ ಮಾಡುವ ಬಗೆ ಐಎಸ್ 3495ರಲ್ಲಿದೆ, ಮಾದರಿ ಆರಿಸುವ ಬಗೆ ಐಎಸ್ 5454ರಲ್ಲಿದೆ. ನಿಮಗೆ ಯಾವ ದರ್ಜೆ ಬೇಕು ಎಂಬುದನ್ನು ಮಾತ್ರ ಗೋಡೆಯ ವಿನ್ಯಾಸ ಮಾಡಿದವರನ್ನೇ ಕೇಳಿ. ಭಾರ ಹೊರುವ ಗೋಡೆಗೆ ಬೇಕಾದದ್ದು ಬೇರೆ, ಕಂಬಗಳ ನಡುವೆ ತುಂಬುವ ಗೋಡೆಗೆ ಸಾಕಾಗುವುದು ಬೇರೆ.

1. ಮಾದರಿಯನ್ನು ನೀವೇ ಆರಿಸಿ

ಹೆಚ್ಚಿನವರು ಎಡವುವುದು ಲ್ಯಾಬಿನಲ್ಲಲ್ಲ, ಇಲ್ಲಿ. ಗೂಡಿನವರು ತಾವೇ ಹತ್ತು ಇಟ್ಟಿಗೆ ಆರಿಸಿ ಕೈಗೆ ಕೊಟ್ಟರೆ ಅವು ಗೂಡಿನ ನಡುಭಾಗದಲ್ಲಿ ಚೆನ್ನಾಗಿ ಬೆಂದವೇ ಆಗಿರುತ್ತವೆ. ಆದರೆ ನಿಮ್ಮ ಲೋಡಿನಲ್ಲಿ ಬರುವುದು ನಡುಭಾಗದವು ಮಾತ್ರವಲ್ಲ. ಗೂಡಿನ ಅಂಚಿನಲ್ಲಿ, ಮೇಲ್ಪದರದಲ್ಲಿ ಶಾಖ ಸಾಲದೆ ಅರೆಬೆಂದವೂ ಬರುತ್ತವೆ, ಬೆಂಕಿಗೆ ತೀರಾ ಹತ್ತಿರವಿದ್ದು ಸೊಟ್ಟಾದವೂ ಬರುತ್ತವೆ.

ಲಾರಿಗೆ ತುಂಬುವಾಗಲೋ ಇಳಿಸುವಾಗಲೋ ಮಾದರಿ ತೆಗೆಯುವುದು ಎಲ್ಲಕ್ಕಿಂತ ಒಳ್ಳೆಯದು, ಆಗ ರಾಶಿಯ ಒಳಗಿನವೂ ಕೈಗೆ ಸಿಗುತ್ತವೆ. ಅದು ಆಗದಿದ್ದರೆ ರಾಶಿಯನ್ನು ಮನಸ್ಸಿನಲ್ಲೇ ಕೆಲವು ಭಾಗ ಮಾಡಿಕೊಂಡು ಪ್ರತಿ ಭಾಗದ ಮೇಲಿನಿಂದ, ಬದಿಯಿಂದ, ಒಂದೆರಡು ಸಾಲು ಸರಿಸಿ ಒಳಗಿನಿಂದ ತೆಗೆಯಿರಿ. ಆರಿಸುವಾಗ ಬಣ್ಣ ನೋಡಬೇಡಿ. "ಇದು ಚೆನ್ನಾಗಿಲ್ಲ, ಬೇರೆ ತಗೊಳ್ಳಿ ಸಾರ್" ಎಂದು ಪಕ್ಕದಲ್ಲಿದ್ದವರು ಹೇಳಿದರೆ ಅದನ್ನು ಖಂಡಿತ ಬಿಡಬೇಡಿ. ಅಂಥದ್ದು ರಾಶಿಯಲ್ಲಿದ್ದರೆ ಮಾದರಿಯಲ್ಲೂ ಇರಬೇಕು.

ಎಷ್ಟು ತೆಗೆಯಬೇಕು? ಮಾನಕದಂತೆ 2,001ರಿಂದ 10,000 ಇಟ್ಟಿಗೆಯ ಲಾಟ್‌ನಲ್ಲಿ ಕಣ್ಣಳತೆ ಮತ್ತು ಗಾತ್ರಕ್ಕೆ 20, ಬಲ ಮತ್ತು ಹೀರಿಕೆಗೆ ತಲಾ 5. ಲಾಟ್ 35,000ದವರೆಗೆ ಇದ್ದರೆ ಈ 5 ಹತ್ತಾಗುತ್ತದೆ, 50,000ದವರೆಗೆ ಇದ್ದರೆ ಹದಿನೈದು. ಅದಕ್ಕೂ ದೊಡ್ಡ ಆರ್ಡರನ್ನು ಹಲವು ಲಾಟ್‌ಗಳಾಗಿ ಒಡೆಯಬೇಕು. ಲಾಟ್ ಎಂದರೆ ಒಂದೇ ಬಗೆಯ ಮಣ್ಣಿನಿಂದ, ಒಂದೇ ರೀತಿಯಲ್ಲಿ ತಯಾರಾದ ಗುಂಪು. ಎರಡು ಗೂಡಿನ ಇಟ್ಟಿಗೆ ಬೆರೆಸಿ ಒಂದು ಲಾಟ್ ಎಂದು ಎಣಿಸಬೇಡಿ.

ಇಪ್ಪತ್ತನ್ನು ಆರಿಸಿದ ಮೇಲೆ ಬೇರ್ಪಡಿಸುವ ಮುನ್ನ ಸಮತಟ್ಟಾದ ನೆಲದ ಮೇಲೆ ಉದ್ದಕ್ಕೆ ಒಂದರ ಹಿಂದೊಂದು ತಾಗಿಸಿಟ್ಟು ಟೇಪ್ ಹಿಡಿಯಿರಿ. 230 × 110 × 70 ಮಿ.ಮೀ. ಇಟ್ಟಿಗೆಯಾದರೆ ಇಪ್ಪತ್ತರ ಒಟ್ಟು ಉದ್ದ 4,520ರಿಂದ 4,680 ಮಿ.ಮೀ. ಒಳಗೆ ಬರಬೇಕು. ಎರಡು ನಿಮಿಷದ ಕೆಲಸ. ಗಾತ್ರ ಚಿಕ್ಕದಾದರೆ ಗೋಡೆಗೆ ಇಟ್ಟಿಗೆಯೂ ಗಾರೆಯೂ ಹೆಚ್ಚು ಬೇಕು, ಅದು ನಿಮ್ಮ ಲೆಕ್ಕಕ್ಕೇ ಬರುವ ಖರ್ಚು.

ನಂತರ ಪ್ರತಿ ಇಟ್ಟಿಗೆಗೂ ಅಳಿಸದ ಬಣ್ಣದಲ್ಲಿ ನಂಬರ್ ಬರೆಯಿರಿ. ಐದು ಹೀರಿಕೆಗೆ, ಐದು ಬಲಕ್ಕೆ, ಉಳಿದವು ಸಾಗಣೆಯಲ್ಲಿ ಒಡೆದರೆ ಇರಲಿ ಎಂದು.

2. ನೀರು ಹೀರಿಕೆ: ಎಲ್ಲ ಗುಟ್ಟು ಒಣ ತೂಕದಲ್ಲಿ

ಈ ಪರೀಕ್ಷೆಯನ್ನು ನೀವೇ ಮಾಡಬಹುದು. ಬೇಕಾಗುವುದು ಒಲೆ, ತಕ್ಕಡಿ, ತೊಟ್ಟಿ ಮತ್ತು ತಾಳ್ಮೆ. ತಕ್ಕಡಿ ಮೂರು ಕಿಲೋ ಇಟ್ಟಿಗೆಯಲ್ಲಿ ಮೂರು ಗ್ರಾಂ ವ್ಯತ್ಯಾಸ ತೋರಿಸುವಂತಿರಬೇಕು. ಒಲೆ ಎಂದರೆ ಲ್ಯಾಬಿನ ಗಾಳಿಯಾಡುವ ಓವನ್, 105ರಿಂದ 115 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲುವಂಥದ್ದು.

ಇಟ್ಟಿಗೆಯನ್ನು ಓವನ್ನಿನಲ್ಲಿಟ್ಟು ಕೆಲವು ಗಂಟೆಗೊಮ್ಮೆ ತೂಗಿ. ಎರಡು ಸಲದ ತೂಕ ಒಂದೇ ಬಂದಾಗ ಒಣಗಿದೆ ಎಂದರ್ಥ. ಹೊರಗೆ ತೆಗೆದು ಪೂರ್ತಿ ತಣ್ಣಗಾಗಲು ಬಿಡಿ. ಮುಟ್ಟಿದರೆ ಬೆಚ್ಚಗಿರುವ ಇಟ್ಟಿಗೆಯನ್ನು ನೀರಿಗೆ ಹಾಕಬಾರದು. ತಣ್ಣಗಾದ ಮೇಲೆ ತೂಗಿದ್ದು ಒಣ ತೂಕ. ನಂತರ 27 ಡಿಗ್ರಿ ಆಸುಪಾಸಿನ ಶುದ್ಧ ನೀರಿನಲ್ಲಿ ಪೂರ್ತಿ ಮುಳುಗಿಸಿ 24 ಗಂಟೆ ಬಿಡಿ. ಹೊರತೆಗೆದು ಹಿಂಡಿದ ಒದ್ದೆ ಬಟ್ಟೆಯಿಂದ ಮೇಲಿನ ನೀರನ್ನಷ್ಟೇ ಒರೆಸಿ, ಮೂರು ನಿಮಿಷದೊಳಗೆ ತೂಗಿ. ಒಣ ಬಟ್ಟೆಯಿಂದ ಉಜ್ಜಿದರೆ ಒಳಗಿನ ನೀರೂ ಬರುತ್ತದೆ, ಒರೆಸದೇ ತೂಗಿದರೆ ಮೇಲಿನ ನೀರೂ ಲೆಕ್ಕಕ್ಕೆ ಸೇರುತ್ತದೆ. ಒದ್ದೆ ತೂಕದಿಂದ ಒಣ ತೂಕ ಕಳೆದು, ಒಣ ತೂಕದಿಂದ ಭಾಗಿಸಿ, ನೂರರಿಂದ ಗುಣಿಸಿ.

ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಮೋಸ ಎಲ್ಲಿದೆ ಗೊತ್ತೇ? "ಬಿಸಿಲಿನಲ್ಲಿ ಎರಡು ದಿನ ಇಟ್ಟಿದ್ದೆವು, ಒಣಗಿದೆ" ಎನ್ನುವುದರಲ್ಲಿ. ಒಂದು ಇಟ್ಟಿಗೆಯ ನಿಜವಾದ ಒಣ ತೂಕ 3.02 ಕಿಲೋ, ನೆನೆದ ತೂಕ 3.47 ಕಿಲೋ ಎಂದಿಟ್ಟುಕೊಳ್ಳಿ. ಹೀರಿಕೆ ಶೇ. 14.9. ಅದೇ ಇಟ್ಟಿಗೆಯೊಳಗೆ ಮೊದಲೇ ಶೇ. 5ರಷ್ಟು ತೇವ ಉಳಿದಿದ್ದರೆ ನೀವು "ಒಣ ತೂಕ" ಎಂದು ಬರೆದುಕೊಳ್ಳುವುದು 3.17 ಕಿಲೋ. ಆಗ ಲೆಕ್ಕಕ್ಕೆ ಬರುವುದು ಸುಮಾರು ಶೇ. 9.4. ಕೆಟ್ಟ ಇಟ್ಟಿಗೆಯನ್ನು ಒಳ್ಳೆಯದೆಂದು ತೋರಿಸಲು ಇದಕ್ಕಿಂತ ಸುಲಭ ದಾರಿ ಇಲ್ಲ, ಯಾರೂ ಸುಳ್ಳು ಹೇಳಬೇಕಾಗಿಯೂ ಇಲ್ಲ. ಮಳೆಗಾಲದಲ್ಲಿ ಯಾರಾದರೂ ಶೇ. 8 ಎಂದು ತೋರಿಸಿದರೆ ಒಣಗಿಸಿದ್ದು ಹೇಗೆ ಎಂಬುದೇ ನಿಮ್ಮ ಮೊದಲ ಪ್ರಶ್ನೆಯಾಗಿರಲಿ.

ನೀರಿನಲ್ಲಿರುವಾಗ ಇಟ್ಟಿಗೆಯನ್ನು ಗಮನಿಸುತ್ತಿರಿ. ಮೂಲೆ ಕರಗಿ ನೀರು ಕೆಂಪಾದರೆ ಅದು ಬೆಂದೇ ಇಲ್ಲ. ಮೈಮೇಲೆ ಬಿಳಿ ಚುಕ್ಕೆ ಇದ್ದು ಅಲ್ಲಿಂದ ಚಕ್ಕೆ ಎದ್ದರೆ ಮಣ್ಣಿನಲ್ಲಿ ಸುಣ್ಣದ ಹರಳಿತ್ತು ಎಂದರ್ಥ. ಗೂಡಿನಲ್ಲಿ ಅದು ಸುಟ್ಟ ಸುಣ್ಣವಾಗಿ, ಈಗ ನೀರು ಕುಡಿದು ಅರಳಿ ಇಟ್ಟಿಗೆಯನ್ನು ಸೀಳುತ್ತಿದೆ. ಇದು ಹೀರಿಕೆಯ ಸಂಖ್ಯೆಯಲ್ಲಿ ಕಾಣುವುದಿಲ್ಲ, ಮುಂದೆ ಪ್ಲಾಸ್ಟರಿನ ಮೇಲೆ ಕಾಣುತ್ತದೆ.

3. ಒತ್ತುಬಲ: ಲ್ಯಾಬಿಗೆ ಕೊಡುವಾಗ ಕೇಳಬೇಕಾದ್ದು

ಇದಕ್ಕೆ ಯಂತ್ರ ಬೇಕು. ಕಲ್ಲು, ಕಾಂಕ್ರೀಟ್ ಪರೀಕ್ಷಿಸುವ ಲ್ಯಾಬ್ ಯಾವುದಾದರೂ ಆದೀತು, ಸಿವಿಲ್ ವಿಭಾಗವಿರುವ ಎಂಜಿನಿಯರಿಂಗ್ ಕಾಲೇಜಿನಲ್ಲೂ ಇರುತ್ತದೆ. ಇಟ್ಟಿಗೆ ಕೊಟ್ಟ ಮರುದಿನವೇ ರಿಪೋರ್ಟ್ ಬಂದರೆ ಖುಷಿಪಡಬೇಡಿ, ಅನುಮಾನಪಡಿ. ಯಾಕೆಂದರೆ ಸಿದ್ಧತೆಗೇ ಐದು ದಿನ ಬೇಕು.

ಮೊದಲು ಎರಡೂ ಮಲಗು ಮುಖಗಳನ್ನು ಉಜ್ಜಿ ಸಮ ಮಾಡುತ್ತಾರೆ. 24 ಗಂಟೆ ನೀರಿನಲ್ಲಿ ನೆನೆಸುತ್ತಾರೆ. ಇಟ್ಟಿಗೆಯ ಮೇಲ್ಮುಖದಲ್ಲಿ ಹೆಸರಿನ ಅಚ್ಚು ಇರುವ ತಗ್ಗು ಇದೆಯಲ್ಲ, ಫ್ರಾಗ್ ಎನ್ನುತ್ತಾರೆ, ಅದನ್ನು ಒಂದು ಪಾಲು ಸಿಮೆಂಟ್, ಒಂದು ಪಾಲು ಮರಳಿನ ಗಾರೆಯಿಂದ ಮಟ್ಟಸವಾಗಿ ತುಂಬುತ್ತಾರೆ. ಒದ್ದೆ ಗೋಣಿಚೀಲದ ಕೆಳಗೆ ಇನ್ನೊಂದು 24 ಗಂಟೆ, ಆಮೇಲೆ ಮೂರು ದಿನ ನೀರಿನಲ್ಲಿ. ಹೊರತೆಗೆದು ಒರೆಸಿ, ಗಾರೆ ತುಂಬಿದ ಮುಖ ಮೇಲಿರುವಂತೆ ಯಂತ್ರದಲ್ಲಿಟ್ಟು, ಮೇಲೊಂದು ಕೆಳಗೊಂದು 3 ಮಿ.ಮೀ. ಪ್ಲೈವುಡ್ ಹಾಳೆ ಕೊಟ್ಟು ಒತ್ತುತ್ತಾರೆ.

ಒಂದೊಂದಕ್ಕೂ ಕಾರಣವಿದೆ. ತಗ್ಗು ತುಂಬದಿದ್ದರೆ ಭಾರವೆಲ್ಲ ಅಂಚಿನ ಮೇಲೇ ಬಿದ್ದು ಇಟ್ಟಿಗೆ ಬೇಗ ಒಡೆಯುತ್ತದೆ, ಒಳ್ಳೆಯ ಇಟ್ಟಿಗೆಗೂ ಕೆಟ್ಟ ಅಂಕ. ನೆನೆಸದೆ ಒಣದನ್ನೇ ಒಡೆದರೆ ಉಲ್ಟಾ: ಒಣ ಇಟ್ಟಿಗೆ ನೆನೆದದ್ದಕ್ಕಿಂತ ಹೆಚ್ಚು ತಾಳುತ್ತದೆ, ಹಾಗಾಗಿ ಸಂಖ್ಯೆ ಉಬ್ಬುತ್ತದೆ. ಭಾರ ಏರಿಸುವ ವೇಗವೂ ಮುಖ್ಯ. ನಿಮಿಷಕ್ಕೆ ಚದರ ಮಿ.ಮೀ.ಗೆ 14 ನ್ಯೂಟನ್ ಎಂಬುದು ನಿಗದಿ. 230 × 110 ಮಿ.ಮೀ. ಮುಖದ, ಚದರ ಮಿ.ಮೀ.ಗೆ 8 ನ್ಯೂಟನ್ ತಾಳುವ ಇಟ್ಟಿಗೆ ಈ ವೇಗದಲ್ಲಿ ಒಡೆಯಲು ಸುಮಾರು 34 ಸೆಕೆಂಡ್ ಬೇಕು. ಐದಾರು ಸೆಕೆಂಡಿನಲ್ಲಿ ಪಟ್ ಎಂದು ಒಡೆದರೆ ಆಪರೇಟರ್ ಕವಾಟವನ್ನು ಜಾಸ್ತಿ ತಿರುಗಿಸಿದ್ದಾರೆ, ಆ ಓದು ಸಂಖ್ಯೆಯನ್ನು ಉಬ್ಬಿಸಿರುತ್ತದೆ. ಸಾಧ್ಯವಾದರೆ ಒಡೆಯುವಾಗ ಹಾಜರಿರಲು ಕೇಳಿಕೊಳ್ಳಿ.

ವಿಸ್ತೀರ್ಣದ ವಿಷಯ ಒಂದೇ ಮಾತು: ಅಳೆದು ಬರೆದಿರಬೇಕು. 190 × 90 ಮಿ.ಮೀ. ಇಟ್ಟಿಗೆಯನ್ನು ಗಾರೆಯೂ ಸೇರಿದ 200 × 100 ಎಂದು ಲೆಕ್ಕ ಹಾಕಿದರೆ ಬಲ ಸುಮಾರು ಶೇ. 15ರಷ್ಟು ಕಡಿಮೆ ಬರುತ್ತದೆ.

ಲ್ಯಾಬಿಗೆ ಕೊಡುವ ಪತ್ರದಲ್ಲಿ ಹೀಗೆ ಬರೆಯಿರಿ: "ಐದೂ ಇಟ್ಟಿಗೆಗಳ ಅಳತೆ, ಒಡೆದ ಭಾರ ಮತ್ತು ಬಲವನ್ನು ನಂಬರ್‌ವಾರು ಬೇರೆಬೇರೆ ಕೊಡಬೇಕು." ಇದನ್ನು ಕೇಳದಿದ್ದರೆ ಅನೇಕ ಕಡೆ ಸರಾಸರಿಯ ಒಂದೇ ಸಾಲು ಸಿಗುತ್ತದೆ.

4. ಅಂಕಿ ಓದುವುದು: ಒಂದು ಲೆಕ್ಕ

9,000 ಇಟ್ಟಿಗೆಯ ಲಾಟ್, 7.5 ದರ್ಜೆ ಎಂದು ಹೇಳಿ ಮಾರುತ್ತಿದ್ದಾರೆ. ಅಳತೆ 230 × 110 ಮಿ.ಮೀ., ಅಂದರೆ ಮಲಗು ಮುಖ 25,300 ಚದರ ಮಿ.ಮೀ. ಹೀರಿಕೆಯ ಐದು ಇಟ್ಟಿಗೆಗಳ ತೂಕ ಕಿಲೋದಲ್ಲಿ ಹೀಗಿದೆ ಎನ್ನೋಣ:

| ನಂಬರ್ | ಒಣ ತೂಕ | ಒದ್ದೆ ತೂಕ | ಹೀರಿಕೆ ಶೇ. |
|---|---|---|---|
| 1 | 3.02 | 3.47 | 14.9 |
| 2 | 2.96 | 3.43 | 15.9 |
| 3 | 3.05 | 3.48 | 14.1 |
| 4 | 2.99 | 3.46 | 15.7 |
| 5 | 2.78 | 3.40 | 22.3 |

ಸರಾಸರಿ ಶೇ. 16.6. ಮಿತಿ 20. ಪಾಸ್. ಆದರೆ ಐದನೆಯದನ್ನು ನೋಡಿ. ಅದೇ ಅಚ್ಚಿನದು, ಅದೇ ಗಾತ್ರದ್ದು, ಆದರೂ ಉಳಿದವಕ್ಕಿಂತ ಸುಮಾರು ಕಾಲು ಕಿಲೋ ಹಗುರ, ಮತ್ತು ಕುಡಿದ ನೀರು ಉಳಿದ ನಾಲ್ಕಕ್ಕಿಂತ ಬಹಳ ಹೆಚ್ಚು. ಇದು ಅಳತೆಯ ತಪ್ಪಲ್ಲ, ಗೂಡಿನ ಅಂಚಿನ ಇಟ್ಟಿಗೆ.

ಈಗ ಬಲದ ಐದು. ಒಡೆದ ಭಾರ ಕಿಲೋನ್ಯೂಟನ್‌ಗಳಲ್ಲಿ 228, 207, 196, 243, 139. ವಿಸ್ತೀರ್ಣದಿಂದ ಭಾಗಿಸಿದರೆ 9.0, 8.2, 7.7, 9.6, 5.5. ಸರಾಸರಿ 8.0. ದರ್ಜೆ 7.5, ಇಲ್ಲೂ ಸರಾಸರಿ ಪಾಸ್. ಒಂದು ಸಾಲಿನ ರಿಪೋರ್ಟ್ ಇಲ್ಲಿಗೆ ಮುಗಿಯುತ್ತದೆ, ನೀವು ಆರ್ಡರ್ ಕೊಟ್ಟುಬಿಡುತ್ತೀರಿ.

ಆದರೆ ಮಾನಕದಲ್ಲಿ ಇನ್ನೊಂದು ಷರತ್ತಿದೆ. ಯಾವುದೇ ಒಂದು ಇಟ್ಟಿಗೆಯ ಬಲ ದರ್ಜೆಯ ಸಂಖ್ಯೆಗಿಂತ ಶೇ. 20ಕ್ಕೂ ಹೆಚ್ಚು ಕೆಳಗೆ ಹೋಗಬಾರದು. 7.5ರ ಶೇ. 20 ಎಂದರೆ 1.5, ಹಾಗಾಗಿ ಒಂಟಿ ಇಟ್ಟಿಗೆಗೆ ಕೆಳಮಿತಿ 6. ಐದನೆಯದು 5.5. ಲಾಟ್ 7.5 ದರ್ಜೆಗೆ ನಿಲ್ಲುವುದಿಲ್ಲ.

ಎರಡು ಪರೀಕ್ಷೆಯಲ್ಲೂ ಐದರಲ್ಲೊಂದು ಹೊರಗುಳಿದಿದೆ ಎಂಬುದನ್ನು ಗಮನಿಸಿ. ಇವು ಬೇರೆಬೇರೆ ಇಟ್ಟಿಗೆಗಳು, ಆದರೂ ಒಂದೇ ಕಥೆ. ಹತ್ತರಲ್ಲಿ ಎರಡು ಅರೆಬೆಂದವು ಎಂದರೆ ರಾಶಿಯಲ್ಲೂ ಅಷ್ಟೇ ಪಾಲು ಇದೆ ಎಂದು ಇಷ್ಟು ಚಿಕ್ಕ ಮಾದರಿಯಿಂದ ಖಚಿತವಾಗಿ ಹೇಳಲಾಗದು. ಆದರೆ ಅಪರೂಪದ್ದಲ್ಲ ಎಂದು ಹೇಳಬಹುದು.

5. ಫೇಲ್ ಆದರೆ?

ತಕ್ಷಣ ಬೇರೆ ಐದು ಇಟ್ಟಿಗೆ ಕಳಿಸಿ ಪಾಸ್ ಆಗುವವರೆಗೆ ಪರೀಕ್ಷಿಸುತ್ತಾ ಹೋಗುವುದು ಎಲ್ಲರಿಗೂ ಬರುವ ಆಸೆ. ಹಾಗೆ ಮಾಡಿದರೆ ಯಾವ ಲಾಟ್ ಬೇಕಾದರೂ ಒಂದು ದಿನ ಪಾಸ್ ಆಗುತ್ತದೆ. ತಗ್ಗು ತುಂಬಿರಲಿಲ್ಲ, ಯಂತ್ರದಲ್ಲಿ ಓರೆಯಾಗಿ ಕೂತಿತ್ತು ಎಂಬಂಥ ಸ್ಪಷ್ಟ ಕಾರಣ ಬರಹದಲ್ಲಿ ಸಿಕ್ಕರೆ ಮಾತ್ರ ಮರುಪರೀಕ್ಷೆಗೆ ಅರ್ಥವಿದೆ.

ಸರಿಯಾದ ದಾರಿ ಎಂದರೆ ಮುಂದಿನ ಕೆಳದರ್ಜೆಗೆ ಹಚ್ಚಿ ನೋಡುವುದು. 5 ದರ್ಜೆಗೆ ಒಂಟಿ ಇಟ್ಟಿಗೆಯ ಕೆಳಮಿತಿ 4. ನಮ್ಮ ಅತಿ ದುರ್ಬಲ ಇಟ್ಟಿಗೆ 5.5, ಹೀರಿಕೆಯೂ ಸರಾಸರಿಯಲ್ಲಿ ಮಿತಿಯೊಳಗಿದೆ. ಹಾಗಾಗಿ ಇದನ್ನು 5 ದರ್ಜೆಯ ಲಾಟ್ ಎಂದು ಕೊಳ್ಳಬಹುದು, ನಿಮ್ಮ ಗೋಡೆಯ ವಿನ್ಯಾಸಕ್ಕೆ 5 ಸಾಕು ಎಂದು ಎಂಜಿನಿಯರ್ ಹೇಳಿದರೆ, ಮತ್ತು ದರವೂ 5 ದರ್ಜೆಯದೇ ಆದರೆ. 7.5 ಬೇಕೇ ಬೇಕು ಎಂದಾದರೆ ಅರೆಬೆಂದವನ್ನು ಗೂಡಿನಲ್ಲೇ ಬೇರ್ಪಡಿಸಲು ಹೇಳಿ, ಬೇರ್ಪಡಿಸಿದ ರಾಶಿಯನ್ನು ಹೊಸ ಲಾಟ್ ಎಂದು ಪರಿಗಣಿಸಿ ಮೊದಲಿನಿಂದ ಮಾದರಿ ತೆಗೆಯಿರಿ.

6. ಆರ್ಡರ್ ಚೀಟಿಯಲ್ಲಿ ಏನಿರಬೇಕು

"ಒಂದನೇ ನಂಬರ್ ಇಟ್ಟಿಗೆ" ಎಂದು ಬರೆದರೆ ಜಗಳಕ್ಕೆ ಆಧಾರವೇ ಇಲ್ಲ. ದರ್ಜೆಯ ಸಂಖ್ಯೆ, ಒಂಟಿ ಇಟ್ಟಿಗೆಯ ಕೆಳಮಿತಿ, ಹೀರಿಕೆಯ ಮಿತಿ, ಗಾತ್ರ, ಮಾದರಿಯನ್ನು ಇಳಿಸುವಾಗ ನೀವೇ ತೆಗೆಯುತ್ತೀರಿ ಎಂಬ ಮಾತು, ಫೇಲ್ ಆದರೆ ವಾಪಸ್ ಒಯ್ಯುವ ಖರ್ಚು ಯಾರದ್ದು ಎಂಬುದು, ಇಷ್ಟು ಸಾಕು. ಹೀರಿಕೆಗೆ ಮಾನಕದ ಸರಾಸರಿಯ ಜೊತೆಗೆ "ಯಾವ ಒಂದು ಇಟ್ಟಿಗೆಯೂ ಶೇ. 20 ಮೀರಬಾರದು" ಎಂದು ಸೇರಿಸುವುದು ನನ್ನ ಸಲಹೆ. ಮಾನಕ ಅಷ್ಟು ಕೇಳುವುದಿಲ್ಲ, ಆದರೆ ಮಾರುವವರು ಒಪ್ಪಿದರೆ ನಿಮಗೆ ಅದು ಒಳ್ಳೆಯದು.

ಪಾಸ್ ಆದ ಲಾಟ್‌ನ ಮೂರು ಇಟ್ಟಿಗೆಗಳ ಮೇಲೆ ಇಬ್ಬರೂ ಸಹಿ ಹಾಕಿ ಒಣ ಜಾಗದಲ್ಲಿ ಇಟ್ಟುಕೊಳ್ಳಿ, ಅವುಗಳ ಒಣ ತೂಕವನ್ನೂ ಬರೆದಿಡಿ. ಮುಂದಿನ ಲೋಡ್‌ಗಳು ಬಂದಾಗ ಪ್ರತಿ ಸಲ ಲ್ಯಾಬಿಗೆ ಓಡಲಾಗದು. ಇಳಿಸುವಾಗ ಅಲ್ಲಲ್ಲಿಂದ ಹತ್ತು ಇಟ್ಟಿಗೆ ತೆಗೆದು ತೂಗಿ. ಒಣ ದಿನದಲ್ಲಿ ಬಂದ ಲೋಡಿನ ಇಟ್ಟಿಗೆ ಸಹಿಯ ಇಟ್ಟಿಗೆಗಿಂತ ಕಾಲು ಕಿಲೋ ಹಗುರವಾಗಿದ್ದು ಗಾತ್ರ ಅಷ್ಟೇ ಇದ್ದರೆ ಅದನ್ನು ಪಕ್ಕಕ್ಕಿಟ್ಟು ರಾತ್ರಿ ನೀರಿಗೆ ಹಾಕಿ. ಮರುದಿನ ಅದೇ ಹೊತ್ತಿಗೆ ತೂಗುವವರೆಗೆ ಆ ಲೋಡನ್ನು ಮೇಸ್ತ್ರಿ ಮುಟ್ಟದಿರಲಿ.